ಘೋಸ್ಟ್ ‘ಮಾಡ್ದ’, ವೈಬ್ ‘ಆಗ್ತಿಲ್ಲ’: ಹೊಸ ಪದಕ್ಕೆ ಅಂಟಿದ ಕನ್ನಡ ಕ್ರಿಯಾಪದ

‘ಅವ್ನು ನನ್ನ ಘೋಸ್ಟ್ ಮಾಡ್ಬಿಟ್ಟ ಕಣೇ’ ಅನ್ನುವ ವಾಕ್ಯದಲ್ಲಿ ಇಂಗ್ಲಿಷಿನದ್ದು ಒಂದೇ ಒಂದು ಪದ. ಮಾಡಿದವನು ಯಾರು, ಯಾರಿಗೆ ಮಾಡಿದ, ಹೇಳುವವಳಿಗೆ ಎಷ್ಟು ನೋವಾಗಿದೆ, ಕೇಳುವವಳು ಎಷ್ಟು ಸಲಿಗೆಯವಳು ಎಂಬುದನ್ನೆಲ್ಲ ತಿಳಿಸುತ್ತಿರುವುದು ಕನ್ನಡ. ಆದರೂ ಯುವಜನರ ಮಾತಿನ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಎಲ್ಲರ ಕಣ್ಣು ಹೋಗುವುದು ಆ ಒಂದು ಪದದ ಮೇಲೆ. ಕನ್ನಡ ಕೆಟ್ಟುಹೋಯಿತು ಎನ್ನುವವರು ಅದನ್ನೇ ತೋರಿಸುತ್ತಾರೆ, ಇದೆಲ್ಲ ಸಹಜ ಬಿಡಿ ಎನ್ನುವವರೂ ಅದನ್ನೇ ತೋರಿಸುತ್ತಾರೆ. ಪಕ್ಕದಲ್ಲಿ ಕೂತ ಕ್ರಿಯಾಪದವನ್ನು ಕೇಳುವವರೇ ಇಲ್ಲ. ಲಿಟ್, ವೈಬ್, ಘೋಸ್ಟ್, ಫ್ಲೆಕ್ಸ್ ಈ ನಾಲ್ಕರಲ್ಲಿ ಯಾವುದು ಕನ್ನಡದಲ್ಲಿ ಬೇರು ಬಿಡುತ್ತಿದೆ, ಯಾವುದು ಬಂದ ದಾರಿಯಲ್ಲೇ ಹೋಗುತ್ತದೆ ಎಂಬುದಕ್ಕೆ ಸುಳಿವು ಇರುವುದು ಮಾತ್ರ ಅಲ್ಲೇ.

ಹೊರಗಿನ ಪದವೊಂದು ಕನ್ನಡದಲ್ಲಿ ಕ್ರಿಯೆಯಾಗಿ ಓಡಾಡಬೇಕಾದರೆ ಸಾಮಾನ್ಯವಾಗಿ ಎರಡು ಬಾಗಿಲು. ಒಂದು ‘ಮಾಡು’, ಇನ್ನೊಂದು ‘ಆಗು’. ಫೋನ್ ಮಾಡು, ಬ್ಲಾಕ್ ಮಾಡು, ಅಡ್ಜಸ್ಟ್ ಮಾಡು ಎಂದಾಗ ಮಾಡಿದವನೊಬ್ಬ ಇರುತ್ತಾನೆ. ಲೇಟ್ ಆಯ್ತು, ಟೆನ್ಶನ್ ಆಯ್ತು, ಕನ್ಫ್ಯೂಸ್ ಆಯ್ತು ಎಂದಾಗ ಯಾರೂ ಮಾಡಲಿಲ್ಲ, ತಾನಾಗಿ ಆಯಿತು. ಈ ವ್ಯತ್ಯಾಸವನ್ನು ಯಾರೂ ಶಾಲೆಯಲ್ಲಿ ಕಲಿಸಿಲ್ಲ, ಆದರೆ ಹತ್ತು ವರ್ಷದ ಮಗುವೂ ತಪ್ಪು ಮಾಡುವುದಿಲ್ಲ. ಹೊಸ ಪದ ಬಂದ ಕೂಡಲೇ ಜನ ಅದನ್ನು ಎರಡು ಬಾಗಿಲಲ್ಲೂ ಒಮ್ಮೆ ತಳ್ಳಿ ನೋಡುತ್ತಾರೆ.

‘ಘೋಸ್ಟ್’ ಪದಕ್ಕೆ ಆದದ್ದೂ ಇದೇ. ಪರಿಚಯವಿದ್ದವರು, ಅದರಲ್ಲೂ ಪ್ರೀತಿಯ ಮಾತುಕತೆಯಲ್ಲಿದ್ದವರು, ಕಾರಣ ಹೇಳದೆ ಸಂಪರ್ಕ ಕಡಿದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹುಟ್ಟಿದ ಈ ಬಳಕೆ 2017ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೂ ಸೇರಿತು. ಕನ್ನಡಕ್ಕೆ ಬಂದಾಗ ‘ಘೋಸ್ಟ್ ಮಾಡ್ದ’ ಸಲೀಸಾಗಿ ಕೂತುಕೊಂಡಿತು. ‘ಘೋಸ್ಟ್ ಆದ’ ಮಾತ್ರ ತಕರಾರು ತೆಗೆಯುತ್ತದೆ. ‘ನಾನು ಘೋಸ್ಟ್ ಆದೆ’ ಅಂದರೆ ನಾನೇ ಮಾಯವಾದೆ ಅಂತಲೋ, ನನಗೆ ಯಾರೋ ಹಾಗೆ ಮಾಡಿದರು ಅಂತಲೋ ತಿಳಿಯುವುದಿಲ್ಲ. ‘ಬ್ಲಾಕ್ ಆದೆ’ ಅಂದಾಗ ಬ್ಲಾಕ್ ಮಾಡಿಸಿಕೊಂಡವನು ನಾನು ಎಂಬುದು ಸ್ಪಷ್ಟ. ‘ಎಸ್ಕೇಪ್ ಆದೆ’ ಅಂದಾಗ ಓಡಿಹೋದವನು ನಾನು ಎಂಬುದೂ ಅಷ್ಟೇ ಸ್ಪಷ್ಟ. ಘೋಸ್ಟ್ ಎರಡರ ನಡುವೆ ಸಿಕ್ಕಿಕೊಂಡಿದೆ. ಹಾಗಾಗಿ ಗೊಂದಲ ಬೇಡ ಅನ್ನುವವರು ‘ಮಾಡು’ ಬಾಗಿಲನ್ನೇ ಹಿಡಿಯುವುದು ಮೇಲು.

ವಿಭಕ್ತಿಯಲ್ಲೂ ಇದು ಇನ್ನೂ ಹದಕ್ಕೆ ಬಂದಿಲ್ಲ. ‘ನನ್ನ ಬ್ಲಾಕ್ ಮಾಡ್ದ’ ಎಂಬ ಅಚ್ಚಿಗೆ ಹಾಕಿದವರು ‘ನನ್ನ ಘೋಸ್ಟ್ ಮಾಡ್ದ’ ಅನ್ನುತ್ತಾರೆ. ‘ನಂಗೆ ಮೋಸ ಮಾಡ್ದ’ ಎಂಬ ಅಚ್ಚಿಗೆ ಹಾಕಿದವರು ‘ನಂಗೆ ಘೋಸ್ಟ್ ಮಾಡ್ದ’ ಅನ್ನುತ್ತಾರೆ. ಎರಡೂ ತಪ್ಪಲ್ಲ. ಮೊದಲನೆಯದರಲ್ಲಿ ನಡೆದದ್ದು ಫೋನಿನೊಳಗಿನ ಒಂದು ಕೆಲಸ, ಎರಡನೆಯದರಲ್ಲಿ ನಡೆದದ್ದು ದ್ರೋಹ. ಆ ಒಂದು ‘ಗೆ’ಯಲ್ಲಿ ಹೇಳುವವರ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಪದ ಇರಲಿಲ್ಲವೇ? ಇದ್ದವು, ರಾಶಿ ರಾಶಿ. ಆದರೆ ಒಂದೊಂದೂ ಒಂದೊಂದು ಷರತ್ತು ಹಾಕುತ್ತದೆ. ‘ಕೈ ಕೊಟ್ಟ’ ಅನ್ನಬೇಕಾದರೆ ಅದಕ್ಕೂ ಮೊದಲು ಏನೋ ಒಂದು ಮಾತು ಕೊಟ್ಟಿರಬೇಕು, ಬರ್ತೀನಿ ಅಂದಿರಬೇಕು, ಮದುವೆ ಆಗ್ತೀನಿ ಅಂದಿರಬೇಕು. ‘ಎಸ್ಕೇಪ್ ಆದ’ ಅನ್ನಬೇಕಾದರೆ ತಪ್ಪಿಸಿಕೊಳ್ಳಲು ಒಂದು ಜವಾಬ್ದಾರಿ ಇರಬೇಕು, ಅದರಲ್ಲಿ ಒಂಚೂರು ತಮಾಷೆಯೂ ಇದೆ. ‘ನಾಪತ್ತೆ’, ‘ಪತ್ತೇನೇ ಇಲ್ಲ’, ‘ಸುದ್ದೀನೇ ಇಲ್ಲ’ ಇವುಗಳಲ್ಲಿ ಉದ್ದೇಶ ಕಾಣುವುದಿಲ್ಲ. ಪಾಪ ಹುಷಾರಿಲ್ಲವೇನೋ ಅನ್ನಲೂ ಜಾಗ ಇರುತ್ತದೆ. ‘ಕ್ಯಾರೇ ಅನ್ನಲ್ಲ’ ಅಂದರೆ ಕಣ್ಣೆದುರೇ ಇದ್ದಾನೆ, ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿಲ್ಲ ಅಷ್ಟೆ. ‘ಮಾತು ಬಿಟ್ಟಿದಾನೆ’ ಅಂದರೆ ಜಗಳವೊಂದು ಆಗಿದೆ, ಅದು ಇಬ್ಬರಿಗೂ ಗೊತ್ತಿದೆ. ಮಕ್ಕಳು ‘ಟೂ’ ಬಿಡುವುದಂತೂ ಘೋಸ್ಟಿಗೆ ನೇರ ವಿರುದ್ಧ. ಟೂ ಬಿಡುವ ಮಗು ಬೆರಳು ತೋರಿಸಿ, ಜೋರಾಗಿ ಘೋಷಣೆ ಮಾಡಿಯೇ ಬಿಡುತ್ತದೆ.

ಉದ್ದೇಶವಿರಬೇಕು, ಘೋಷಣೆ ಇರಬಾರದು, ಅನುಭವಿಸಿದವರು ವಾಕ್ಯದಲ್ಲಿ ಕಾಣಿಸಬೇಕು. ಈ ಮೂರನ್ನೂ ಒಂದೇ ಪದದಲ್ಲಿ ಹಿಡಿಯುವುದು ಘೋಸ್ಟ್. ಅದು ಕನ್ನಡದಲ್ಲಿ ನೆಲೆ ಕಂಡಿರುವುದು ಫ್ಯಾಶನ್ ಅಂತ ಮಾತ್ರವಲ್ಲ, ಇಲ್ಲೊಂದು ಖಾಲಿ ಜಾಗ ಇತ್ತು ಅಂತ. ಒಂದೇ ಪದದ ಹಟ ಬಿಟ್ಟರೆ ಕನ್ನಡದಲ್ಲೂ ಚೊಕ್ಕವಾಗಿ ಹೇಳಬಹುದು: ‘ಹೇಳ್ದೆ ಕೇಳ್ದೆ ಮಾತು ಬಿಟ್ಬಿಟ್ಟ’. ‘ಹೇಳ್ದೆ ಕೇಳ್ದೆ’ ಎಂಬುದು ಘೋಷಣೆ ಇಲ್ಲದ್ದನ್ನು ಹೇಳುತ್ತದೆ, ‘ಮಾತು ಬಿಟ್ಟ’ ಉದ್ದೇಶವನ್ನು ಹೇಳುತ್ತದೆ, ಕೊನೆಯ ‘ಬಿಟ್ಟ’ ನೋವನ್ನು ಹೇಳುತ್ತದೆ. ಈ ಕೊನೆಯ ‘ಬಿಡು’ ಇಲ್ಲದೆ ಕನ್ನಡಿಗರು ದುಃಖ ತೋಡಿಕೊಳ್ಳುವುದೇ ಕಷ್ಟ. ‘ಘೋಸ್ಟ್ ಮಾಡ್ದ’ ಅಂದರೆ ವರದಿ. ‘ಘೋಸ್ಟ್ ಮಾಡ್ಬಿಟ್ಟ’ ಅಂದರೆ ಇನ್ನೇನೂ ಮಾಡೋಕಾಗಲ್ಲ, ಕೈ ಮೀರಿಹೋಯಿತು. ‘ಮಾಯ ಆಗೋದ’ ಎಂಬಲ್ಲಿ ‘ಆಗಿ ಹೋದ’ ಇರುವುದೂ ಅದೇ ಕೆಲಸಕ್ಕೆ. ಇಂಗ್ಲಿಷ್ ಪದ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡ ಭಾವವನ್ನು ಕನ್ನಡ ವಾಕ್ಯದ ಬಾಲಕ್ಕೆ ಕಟ್ಟುತ್ತದೆ.

ಫ್ಲೆಕ್ಸ್ ಕತೆ ಬೇರೆ. ತೋಳು ಮಡಿಸಿ ಮಾಂಸಖಂಡ ತೋರಿಸುವುದರಿಂದ ಹೊರಟ ಈ ಪದ, ಲಿಟ್‌ನ ಹಾಗೆಯೇ, ಅಮೆರಿಕದ ಕಪ್ಪು ಜನರ ಆಡುಮಾತು ಮತ್ತು ಹಿಪ್‌ಹಾಪ್ ಮೂಲಕ ಜಗತ್ತಿಗೆಲ್ಲ ಹರಡಿತು. ಕರ್ನಾಟಕಕ್ಕೆ ಬರುವ ಹೊತ್ತಿಗೆ ಇಲ್ಲಿ ಬೇರೊಂದು ಫ್ಲೆಕ್ಸ್ ಆಗಲೇ ರಸ್ತೆ ತುಂಬ ನಿಂತಿತ್ತು. ಹುಟ್ಟುಹಬ್ಬಕ್ಕೆ, ಜಾತ್ರೆಗೆ, ಚುನಾವಣೆಗೆ ಕಟ್ಟುವ ಬ್ಯಾನರಿಗೆ ನಮ್ಮ ಹೆಸರೇ ಫ್ಲೆಕ್ಸ್. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಮಹಾನಗರ ಪಾಲಿಕೆ ಕಿತ್ತುಹಾಕಿದ್ದು ಈ ಫ್ಲೆಕ್ಸುಗಳನ್ನೇ. ಈಗ ಎರಡೂ ಒಂದೇ ಊರಲ್ಲಿ ಬಾಳಬೇಕು. ಅವುಗಳನ್ನು ಬೇರೆ ಮಾಡುವುದು ಮತ್ತೆ ಕ್ರಿಯಾಪದವೇ. ‘ಫ್ಲೆಕ್ಸ್ ಹಾಕ್ಸಿದಾನೆ’ ಅಂದರೆ ಬ್ಯಾನರು, ‘ಫ್ಲೆಕ್ಸ್ ಮಾಡ್ತಿದಾನೆ’ ಅಂದರೆ ಮೆರೆದಾಟ. (ಮುಖ ದೊಡ್ಡದು ಮಾಡಿಸಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದವನು ಎರಡನ್ನೂ ಒಟ್ಟಿಗೆ ಮಾಡುತ್ತಿರುತ್ತಾನೆ ಅನ್ನುವುದು ಬೇರೆ ಮಾತು.)

ಇಲ್ಲಿ ಕನ್ನಡದ ಉಗ್ರಾಣ ತುಂಬಿ ತುಳುಕುತ್ತಿದೆ, ಅದಕ್ಕೇ ತಪ್ಪು ಪದ ಎತ್ತಿಕೊಳ್ಳುವ ಅಪಾಯವೂ ಹೆಚ್ಚು. ನೋಡಬೇಕಾದ ಮೊದಲ ಸಂಗತಿ, ತೋರಿಸುತ್ತಿರುವ ವಸ್ತು ನಿಜವಾಗಿ ಕೈಲಿದೆಯೋ ಇಲ್ಲವೋ. ಫ್ಲೆಕ್ಸ್ ಮಾಡುವವನ ಹತ್ತಿರ ಸಾಮಾನ್ಯವಾಗಿ ಆ ಬೈಕು ಇರುತ್ತದೆ, ಆ ಸಂಬಳ ಬರುತ್ತಿರುತ್ತದೆ. ‘ರೀಲು ಬಿಡ್ತಾನೆ’, ‘ಬುರುಡೆ ಬಿಡ್ತಾನೆ’, ‘ಓಳು ಬಿಡ್ತಾನೆ’ ಅಂದರೆ ಇಲ್ಲದ್ದನ್ನು ಹೇಳುತ್ತಿದ್ದಾನೆ ಅಂತ. ಫ್ಲೆಕ್ಸಿಗೆ ಬುರುಡೆ ಎಂಬ ಪದ ಹಾಕಿದರೆ ಜಂಬಗಾರನನ್ನು ಸುಳ್ಳುಗಾರ ಮಾಡಿದಂತೆ. ರೀಲಿಗೆ ಈಗ ಇನ್ನೊಂದು ತಲೆನೋವೂ ಸೇರಿದೆ. ‘ಹೊಸ ರೀಲ್ ಬಿಟ್ಟಿದಾನೆ’ ಅಂದರೆ ವಿಡಿಯೊ ಹಾಕಿದ್ದಾನೋ ಸುಳ್ಳು ಹೇಳಿದ್ದಾನೋ? ‘ರೀಲ್ಸ್ ಮಾಡ್ದ’, ‘ರೀಲ್ ಹಾಕ್ದ’ ಅಂದರೆ ವಿಡಿಯೊ. ‘ಬಿಟ್ಟ’ ಅಂದ ಕೂಡಲೇ ಹಳೆಯ ಅರ್ಥ ಎದ್ದು ಕೂರುತ್ತದೆ.

ನಿಜವಾಗಿ ಇರುವುದನ್ನು ಮೆರೆಸುವುದಕ್ಕೆ ಹೊಂದುವ ಪದಗಳಲ್ಲೂ ಛಾಯೆಗಳಿವೆ. ‘ಬಿಲ್ಡಪ್ ಕೊಡೋದು’ ಎಂದರೆ ಇರುವುದನ್ನು ಊದಿಸಿ ದೊಡ್ಡದು ಮಾಡುವುದು. ಪದ ಇಂಗ್ಲಿಷಿನದ್ದಾದರೂ ‘ಕೊಡೋದು’ ಸೇರಿಸಿ ಜಂಬಕ್ಕೆ ಹೀಗೆ ಬಳಸುವುದು ನಮ್ಮ ಕಡೆಯ ಮಾಲು. ‘ಶೋಕಿ’ಯಲ್ಲಿ ದುಡ್ಡು ಖರ್ಚಾಗಬೇಕು: ಬಟ್ಟೆ, ಗಾಡಿ, ವಾಚು. ‘ಸ್ಕೋಪ್ ತಗೊಳ್ತಾನೆ’ ಅಂದರೆ ತನ್ನ ಬೆಲೆ ತಾನೇ ಏರಿಸಿಕೊಂಡು ಬಿಂಕ ಮಾಡುತ್ತಾನೆ. ‘ಮಿಂಚಿಂಗು’ ಎಂಬುದು ಇವುಗಳಲ್ಲೆಲ್ಲ ಸೊಗಸಾದದ್ದು. ಕನ್ನಡದ ‘ಮಿಂಚು’ ಎಂಬ ಧಾತುವಿಗೆ ಇಂಗ್ಲಿಷಿನ ಬಾಲ ಸಿಕ್ಕಿಸಿ ಮಾಡಿದ ಪದ. ‘ಏನ್ ಮಗಾ, ಇವತ್ತು ಫುಲ್ ಮಿಂಚಿಂಗು’ ಅಂದರೆ ಕಾಲೆಳೆದ ಹಾಗೂ ಆಯಿತು, ಹೊಗಳಿದ ಹಾಗೂ ಆಯಿತು. ಉಳಿದ ಯಾವುದನ್ನೂ ಮುಖದೆದುರು ಹೇಳಿ ನಗಿಸಲಾಗದು. ‘ಬಡಾಯಿ ಕೊಚ್ತಾನೆ’ ಎಂಬುದನ್ನು ಬೆನ್ನ ಹಿಂದೆ ಹೇಳುತ್ತಾರೆ, ಮುಖದ ಮುಂದೆ ಹೇಳಿದರೆ ಜಗಳ.

ಫ್ಲೆಕ್ಸ್ ನಿಜಕ್ಕೂ ಹೊಸದನ್ನು ತಂದಿರುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ತನ್ನ ಬಗ್ಗೆಯೇ ‘ಸಣ್ಣದೊಂದು ಫ್ಲೆಕ್ಸ್’ ಎಂದು ನಗುತ್ತ ಹೇಳಿಕೊಳ್ಳಬಹುದು. ಕನ್ನಡದ ಜಂಬ, ಬಡಾಯಿ, ಬಿಲ್ಡಪ್, ಶೋಕಿ ಹೆಚ್ಚಾಗಿ ಬೇರೆಯವರ ಮೇಲೆ ಹೊರಿಸುವ ಆರೋಪಗಳು. ‘ನಾನೀಗ ಬಡಾಯಿ ಕೊಚ್ತಿದೀನಿ’ ಎಂದು ಯಾರೂ ಪೋಸ್ಟ್ ಹಾಕುವುದಿಲ್ಲ. ‘ಹೇಳ್ಕೋಬಾರ್ದು, ಆದ್ರೂ ಹೇಳ್ತೀನಿ’ ಎಂದು ಸುತ್ತು ಹಾಕಿಯೇ ಬರಬೇಕು. ಹಾಗಾಗಿ ‘ಸುಮ್ನೆ ಒಂದು ಫ್ಲೆಕ್ಸ್ ಮಾಡ್ತಿದೀನಿ ಅಷ್ಟೆ’ ಎಂಬಲ್ಲಿ ಆ ಪದಕ್ಕೆ ಜಾಗ ಇದೆ. ‘ಅವ್ನು ಫ್ಲೆಕ್ಸ್ ಮಾಡ್ತಿದಾನೆ’ ಎಂಬಲ್ಲಿ ಅದರ ಅಗತ್ಯವೇ ಇಲ್ಲ. ಅಲ್ಲಿ ಕನ್ನಡದ ಒಂದು ಸಣ್ಣ ಸಹಾಯಕ ಕ್ರಿಯಾಪದವೇ ಸಾಕು. ‘ಹೊಸ ಬೈಕ್ ತಗೊಂಡೆ ಅಂತ ಹೇಳ್ದ’ ಎಂದರೆ ಸುದ್ದಿ. ‘ಹೊಸ ಬೈಕ್ ತಗೊಂಡೆ ಅಂತ ಹೇಳ್ಕೊಂಡು ಓಡಾಡ್ತಿದಾನೆ’ ಎಂದರೆ ಫ್ಲೆಕ್ಸ್. ಒಂದೂ ಗಾದೆಯಿಲ್ಲ, ಬೈಗುಳವಿಲ್ಲ, ‘ಕೊಳ್ಳು’ ಬಂದು ಕೂತದ್ದೇ ತಡ, ಮಾತು ಚುಚ್ಚತೊಡಗುತ್ತದೆ.

ವೈಬ್ ಎನ್ನುವುದು 1960ರ ದಶಕದಲ್ಲಿ ಇಂಗ್ಲಿಷಿನಲ್ಲಿ ಕಂಪನ ಎಂಬರ್ಥದ ಪದವನ್ನು ಕತ್ತರಿಸಿ ಮಾಡಿದ್ದು. ಹಾಗಂತ ಕನ್ನಡದಲ್ಲಿ ‘ಕಂಪನ’ ಅಂದರೆ ಭೂಮಿ ನಡುಗಿತೇನೋ ಅಂದುಕೊಳ್ಳುತ್ತಾರೆ. ಕನ್ನಡ ಈ ಅರ್ಥವನ್ನು ಎಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಹಂಚಿಹಾಕಿದೆ. ಸಮಾರಂಭದಲ್ಲಿ, ಮನೆಯಲ್ಲಿ, ಮುಖದಲ್ಲಿ ಇರುವುದು ‘ಕಳೆ’. ಒಳಗೆ ಉಳಿದುಕೊಂಡದ್ದು ‘ಗುಂಗು’, ಹಾಡು ಮುಗಿದು ಎರಡು ದಿನವಾದರೂ ಅದರ ಗುಂಗಲ್ಲಿರುತ್ತೇವೆ. ಒಬ್ಬ ಮನುಷ್ಯ ಬಂದು ನಿಂತರೆ ಸುತ್ತಲೂ ಏಳುವುದು ‘ಹವಾ’. ಇಬ್ಬರ ನಡುವಿನದ್ದಾದರೆ ‘ಸೆಟ್ ಆಗೋದು’, ‘ಹೊಂದೋದು’. ಕೆಟ್ಟ ವೈಬಿಗೆ ಕನ್ನಡದಲ್ಲಿ ನಾಮಪದವೇ ಬೇಡ. ‘ಯಾಕೋ ಸರಿ ಅನ್ನಿಸ್ತಿಲ್ಲ’, ‘ಅವ್ನು ಒಂಥರಾ’. ಆ ‘ಯಾಕೋ’ದ ಕೊನೆಯ ‘ಓ’ಕಾರದಲ್ಲಿ ಕಾರಣ ಗೊತ್ತಿಲ್ಲ ಎಂಬುದೂ ಇದೆ, ಆದರೂ ನನ್ನ ಅನುಮಾನ ನಿಜ ಎಂಬುದೂ ಇದೆ.

ನಾಲ್ಕು ಪದ ಇರುವ ಕಡೆ ಒಂದೇ ಪದ ಬಂದರೆ ಸೋಮಾರಿತನ ಅನಿಸಬಹುದು. ಆದರೆ ಕಳೆಯೋ ಗುಂಗೋ ಹವಾವೋ ಎಂದು ತೀರ್ಮಾನಿಸಲು ಆಗದ, ಎಲ್ಲವೂ ಬೆರೆತ ಸಂದರ್ಭಗಳೂ ಇರುತ್ತವೆ. ‘ಆ ಜಾಗದ ವೈಬೇ ಬೇರೆ’ ಎಂಬುದನ್ನು ಬಿಡಿಸಿ ಹೇಳಹೊರಟರೆ ಮೂರು ವಾಕ್ಯ ಬೇಕು. ಅದಕ್ಕೇ ವೈಬ್ ಕನ್ನಡದಲ್ಲಿ ಉಳಿಯುವ ಪದ. ಅದಾಗಲೇ ಬಸ್ಸು, ಕಾರುಗಳ ಹಾಗೆ ಕೊನೆಗೆ ಉಕಾರ ಅಂಟಿಸಿಕೊಂಡು ‘ವೈಬು’ ಆಗಿದೆ, ‘ವೈಬಲ್ಲಿ’, ‘ವೈಬಿಗೆ’ ಎಂದು ವಿಭಕ್ತಿಯನ್ನೂ ಹಿಡಿದಿದೆ. ‘ವೈಬ್ ಆಗ್ತಿಲ್ಲ’ ಎಂದು ‘ಆಗು’ ಬಾಗಿಲಲ್ಲೂ ನುಸುಳಿದೆ. ‘ಫೀಲು’ ಇದರ ಬದಲಿಗೆ ಬರಲಾರದು, ಯಾಕೆಂದರೆ ‘ಫೀಲ್ ಆದ’ ಅಂದರೆ ನಮ್ಮಲ್ಲಿ ಬೇಜಾರು ಮಾಡಿಕೊಂಡ ಎಂದೇ ಅರ್ಥ.

ಲಿಟ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಅದು ತುಂಬಿದ ಬಸ್ಸು ಹತ್ತಲು ಬಂದ ಪದ. ಸಖತ್, ಬೊಂಬಾಟ್, ಚಿಂದಿ, ಮಸ್ತ್, ಭಾರಿ, ಕರಾವಳಿಯ ಗಮ್ಮತ್ತು, ಕುಂದಾಪುರದ ಲಾಯ್ಕ್ ಎಲ್ಲ ಆಗಲೇ ಸೀಟು ಹಿಡಿದು ಕೂತಿವೆ. ಇವುಗಳಲ್ಲೂ ಹಲವು ಹೊರಗಿನಿಂದಲೇ ಬಂದವು. ಸಖತ್ ಮೂಲತಃ ಪಾರ್ಸಿಯಲ್ಲಿ ಗಟ್ಟಿ, ಕಠಿಣ ಎಂದು. ಮಸ್ತ್ ಅಂದರೆ ಪಾರ್ಸಿಯಲ್ಲಿ ಅಮಲೇರಿದ್ದು. ತಮಾಷೆ ಏನೆಂದರೆ ಲಿಟ್ ಕೂಡ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕುಡಿದು ಏರಿಸಿಕೊಂಡವನಿಗೇ ಹೇಳುತ್ತಿದ್ದ ಪದ. ಅಮಲಿನಿಂದ ಹೊರಟು ‘ತುಂಬ ಚೆನ್ನಾಗಿದೆ’ ಎಂಬಲ್ಲಿಗೆ ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ತಲುಪಿವೆ. ಈಗಿನ ಹುಡುಗರ ಬಾಯಲ್ಲಿ ಲಿಟ್‌ನ ಜಾಗವನ್ನು ‘ಬೆಂಕಿ’ ಹೊಡೆದುಕೊಂಡಿದೆ: ‘ಬೆಂಕಿ ಗುರು’, ‘ಪರ್ಫಾಮೆನ್ಸ್ ಬೆಂಕಿ’. ವ್ಯಕ್ತಿಯ ಕೆಲಸಕ್ಕೆ ಬೆಂಕಿ ಸರಿ. ಗುಂಪು ಸೇರಿದ ಸಂದರ್ಭ ಜೀವ ತಳೆಯುವುದಕ್ಕೆ ಹಳೆಯ ‘ಕಳೆ ಕಟ್ಟೋದು’, ‘ರಂಗೇರೋದು’ ಈಗಲೂ ಹೆಚ್ಚು ಹೊಂದುತ್ತವೆ, ಯಾಕೆಂದರೆ ಅವುಗಳಲ್ಲಿ ತಣ್ಣಗಿದ್ದದ್ದು ನಿಧಾನಕ್ಕೆ ಏರಿತು ಎಂಬ ಚಲನೆ ಇದೆ.

ಈಗ ನಾಲ್ಕನ್ನೂ ಒಂದೇ ಕಡೆ ಇಟ್ಟು ನೋಡೋಣ. ‘ಪಾರ್ಟಿ ಲಿಟ್ ಆಗಿತ್ತು, ಬಟ್ ವೈಬ್ ಆಫ್ ಇತ್ತು, ಅವ್ನು ಹೊಸ ಬೈಕ್ ಫ್ಲೆಕ್ಸ್ ಮಾಡ್ತಾನೇ ಇದ್ದ, ಆಮೇಲೆ ನನ್ನ ಘೋಸ್ಟ್ ಮಾಡ್ದ’ ಎಂದು ಒಬ್ಬಳು ಗೆಳತಿಗೆ ಬರೆದಿದ್ದಾಳೆ ಎಂದುಕೊಳ್ಳಿ. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥವೂ ಆಗುತ್ತದೆ. ಆದರೆ ನಾಲ್ಕೂ ಪದ ಸಾಲಾಗಿ ಬಂದು ವಾಕ್ಯ ಪ್ರದರ್ಶನಕ್ಕಿಟ್ಟ ಹಾಗೆ ಕಾಣುತ್ತದೆ. ಬೆಂಗಳೂರು, ಮೈಸೂರು ಕಡೆಯ ಬಾಯಿಗೆ ಇದನ್ನು ಒಗ್ಗಿಸಿದರೆ ಹೀಗೆ ಬರುತ್ತದೆ:

‘ಪಾರ್ಟಿ ಏನೋ ಸಖತ್ತಾಗಿತ್ತು ಕಣೇ. ಆದ್ರೆ ಯಾಕೋ ಸೆಟ್ ಆಗ್ಲಿಲ್ಲ. ಇವ್ನು ಬೇರೆ, ಬಂದಾಗಿಂದ ಹೊಸ ಬೈಕ್‌ದೇ ಬಿಲ್ಡಪ್ಪು. ಆಮೇಲೆ ನೋಡಿದ್ರೆ ಆಸಾಮಿ ನಾಪತ್ತೆ. ಮೆಸೇಜ್ ನೋಡಿದಾನೆ, ರಿಪ್ಲೈ ಇಲ್ಲ. ಹೇಳ್ದೆ ಕೇಳ್ದೆ ಘೋಸ್ಟ್ ಮಾಡ್ಬಿಟ್ಟ.’

ಮೊದಲ ವಾಕ್ಯದ ‘ಏನೋ’ ನೋಡಿ. ‘ಪಾರ್ಟಿ ಸಖತ್ತಾಗಿತ್ತು’ ಎಂದಿದ್ದರೆ ಹೊಗಳಿಕೆ ಅಲ್ಲಿಗೇ ಮುಗಿಯುತ್ತಿತ್ತು. ‘ಪಾರ್ಟಿ ಏನೋ’ ಎಂದ ಕೂಡಲೇ ಮುಂದೊಂದು ‘ಆದ್ರೆ’ ಕಾದಿದೆ ಎಂದು ಕೇಳುವವಳಿಗೆ ಗೊತ್ತಾಗುತ್ತದೆ. ‘ಇವ್ನು ಬೇರೆ’ ಎಂಬಲ್ಲಿ ‘ಬೇರೆ’ ಅಂದರೆ ಸಾಲದ್ದಕ್ಕೆ ಇದೂ ಒಂದು ಎಂಬ ಸಿಡಿಮಿಡಿ. ‘ಆಸಾಮಿ’ಯಲ್ಲಿ ವ್ಯಂಗ್ಯ. ಫ್ಲೆಕ್ಸ್, ವೈಬ್, ಲಿಟ್ ಮೂರೂ ಉದುರಿಹೋಗಿವೆ. ಘೋಸ್ಟ್ ಮಾತ್ರ ಉಳಿದಿದೆ, ಅದೂ ಏನಾಯಿತು ಎಂದು ಕನ್ನಡದಲ್ಲಿ ವಿವರಿಸಿಯಾದ ಮೇಲೆ ಮುದ್ರೆ ಒತ್ತಿದಂತೆ ಕೊನೆಯಲ್ಲಿ ಬಂದಿದೆ. ಹೊಸ ಇಂಗ್ಲಿಷ್ ಪದ ಹೀಗೆ ಒಂದೇ ಒಂದು, ತೂಕದ ಜಾಗದಲ್ಲಿ ಬಂದಾಗ ನಾಟುತ್ತದೆ.

ಧಾರವಾಡ ಕಡೆಯ ಹುಡುಗ ಇದನ್ನೇ ದೋಸ್ತನಿಗೆ ಹೇಳಿದರೆ: ‘ಪಾರ್ಟಿ ಏನೋ ಮಸ್ತ್ ಇತ್ತಲೇ, ಆದ್ರ ಯಾಕೋ ಮನಸಿಗೆ ಬರ್ಲಿಲ್ಲ. ಅಂವ ಒಂದ ಸವನ ಹೊಸಾ ಗಾಡೀದ ಬಡಾಯಿ. ಆಮ್ಯಾಲ ಗಾಯಬ್ ಆಗ್ಯಾನ, ಫೋನ್ ಸೈತ ಎತ್ತವಲ್ಲ.’ ಇಲ್ಲಿ ಘೋಸ್ಟ್ ಕೂಡ ಬೇಕಾಗಲಿಲ್ಲ. ‘ಎತ್ತವಲ್ಲ’ ಎಂಬುದರಲ್ಲಿ ‘ಒಲ್ಲ’ ಅಡಗಿದೆ, ಎತ್ತಲು ಒಲ್ಲ. ದಕ್ಷಿಣದ ‘ಎತ್ತುತ್ತಿಲ್ಲ’ದಲ್ಲಿ ಕಾಣದ ಉದ್ದೇಶ ಇಲ್ಲಿ ಕ್ರಿಯಾಪದದ ತುದಿಯಲ್ಲೇ ಸಿಗುತ್ತದೆ.

ಬರವಣಿಗೆಗೆ ಬಂದಾಗ ಎಡವುವುದು ಹೆಚ್ಚಾಗಿ ಈ ತುದಿಗಳಲ್ಲೇ. ‘ಅವನು ನನ್ನನ್ನು ಘೋಸ್ಟ್ ಮಾಡಿದನು’ ಎಂದು ಬರೆದರೆ ಪದ ಹೊಸದು, ಪ್ರತ್ಯಯ ಪಠ್ಯಪುಸ್ತಕದ್ದು, ವಾರ್ತೆ ಓದಿದ ಹಾಗಿರುತ್ತದೆ. ಜಾಹೀರಾತು, ಸಬ್‌ಟೈಟಲ್ ಬರೆಯುವವರು ಇದನ್ನು ಮೊದಲು ಸರಿಮಾಡಿಕೊಳ್ಳಬೇಕು: ಆಡುಮಾತಿನ ಪದ ಹಾಕಿದರೆ ಕ್ರಿಯಾಪದವನ್ನೂ ‘ಮಾಡ್ದ’, ‘ಮಾಡ್ಬಿಟ್ಟ’ ಎಂದೇ ಇಳಿಸಬೇಕು. ‘ನಿಮ್ಮ ವಾರಾಂತ್ಯವನ್ನು ಲಿಟ್ ಮಾಡಿ’ ಎಂಬಂಥ ಸಾಲಿನಲ್ಲಿ ಇನ್ನೊಂದು ತೊಡಕಿದೆ. ಇಂಥ ಪದಗಳೆಲ್ಲ ‘ನೀನು’ ಅನ್ನುವ ಸಲಿಗೆಯೊಳಗೆ ಹುಟ್ಟಿದವು, ‘ನೀವು’ ಜೊತೆಗೆ ಅವಕ್ಕೆ ಹೊಂದಾಣಿಕೆ ಇಲ್ಲ. ಹಿರಿಯರ ಬಗ್ಗೆ ‘ನಮ್ ಮಾವ ಸಖತ್ ಬಿಲ್ಡಪ್ ಕೊಡ್ತಾರೆ’ ಎಂದು ಗೆಳೆಯರ ಹತ್ತಿರ ಹೇಳಬಹುದು. ಅದನ್ನೇ ಮಾವನಿಗೆ ‘ಬಿಲ್ಡಪ್ ಕೊಡ್ತಿದೀರ’ ಅಂದರೆ ಬಹುವಚನ ಹಾಕಿದ್ದರೂ ಮರ್ಯಾದೆ ಉಳಿಯುವುದಿಲ್ಲ. ಗ್ರಾಹಕನನ್ನು ನೀವು ಎಂದು ಕರೆಯಲೇಬೇಕಾದ ಕಡೆ ‘ಈ ವೀಕೆಂಡು ಸಖತ್ತಾಗಿರ್ಲಿ’ ಎಂದು ಗ್ರಾಹಕನನ್ನು ವಾಕ್ಯದಿಂದಲೇ ಬಿಟ್ಟು ಹಾರೈಕೆಯ ರೂಪಕ್ಕೆ ಇಳಿದರೆ ನೀನು, ನೀವು ಎರಡರ ಗೊಡವೆಯೂ ಇರುವುದಿಲ್ಲ.

ಪ್ರಾಂತ್ಯಗಳನ್ನು ಬೆರೆಸುವುದು ಮತ್ತೊಂದು. ‘ಸಖತ್ ಐತ್ರಿ ಮಾರಾಯಾ’ ಎಂದು ಬರೆದರೆ ಬೆಂಗಳೂರಿನ ಪದ, ಹುಬ್ಬಳ್ಳಿಯ ಕ್ರಿಯಾಪದ, ಮಂಗಳೂರಿನ ಸಂಬೋಧನೆ ಸೇರಿ ಮೂರೂ ಊರಿನವರಿಗೆ ಬೇರೆ ಊರಿನವನು ಬರೆದದ್ದು ಎನಿಸುತ್ತದೆ. ಮಗಾ, ಗುರು, ಮಚ್ಚಾ ಬಂದರೆ ಮುಂದಿನದ್ದು ‘ಇದೆ’. ಲೇ, ದೋಸ್ತ ಬಂದರೆ ‘ಐತಿ’. ಸಂಬೋಧನೆಯನ್ನು ಮೊದಲು ಆರಿಸಿಕೊಂಡು ಅದೇ ಊರಿನ ಕ್ರಿಯಾಪದ ಹಾಕಿದರೆ ನಡುವೆ ವೈಬೇ ಬರಲಿ, ಬೆಂಕಿಯೇ ಬರಲಿ, ವಾಕ್ಯಕ್ಕೆ ಏನೂ ಆಗುವುದಿಲ್ಲ.